ಕಪ್ಪು ಮೂಲೆ ಕತ್ತರಿಸಿದ ಮೇಲೆ ಎಷ್ಟು ಗೇಟ್ ಉಳಿದವು?

ಕೃಷ್ಣೆಗೆ ನೀರು ಬಂತೆಂದರೆ ನಮ್ಮಂಥ ತಾಲ್ಲೂಕು ವರದಿಗಾರರ ಮೊಬೈಲಿಗೆ ಆಲಮಟ್ಟಿ ಡ್ಯಾಮಿನ ಫೋಟೋಗಳು ಬರಲು ಶುರುವಾಗುತ್ತವೆ. ಬಸವನ ಬಾಗೇವಾಡಿ ಕಡೆಯಿಂದ, ಮುದ್ದೇಬಿಹಾಳ ಕಡೆಯಿಂದ ಹುಡುಗರು ಕಳಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಬಂದ ಒಂದು ಫೋಟೋ ಬಹಳ ಚೆನ್ನಾಗಿತ್ತು. ಎದುರಿನಿಂದ ತೆಗೆದದ್ದು, 26 ಗೇಟುಗಳೂ ಒಂದೇ ಸಾಲಿನಲ್ಲಿ ಕಾಣುತ್ತಿದ್ದವು. ಆದರೆ ನಾಲ್ಕೂ ಮೂಲೆಯಲ್ಲಿ ಮಸಿ ಬಳಿದಂತೆ ಕಪ್ಪು. ಜೊತೆಗೆ ಒಂದು ಧ್ವನಿ ಸಂದೇಶ: "ಅಣ್ಣಾರ, ಮೂಲ್ಯಾಗ ಕರ್ರಗ ಬಂದೈತ್ರಿ. ಎರಡೂ ಬಾಜೂ ಕಟ್ ಮಾಡಿ ಕಳಸ್ಲೇನ್ರಿ?"

"ಕಟ್ ಮಾಡಬ್ಯಾಡಪಾ, ಇದ್ದದ್ದು ಇದ್ದಂಗ ಕಳಸು" ಎಂದೆವು. ಯಾಕೆ ಹಾಗೆಂದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಕಪ್ಪು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು. ಲೆನ್ಸಿನಿಂದ ಒಳಗೆ ಬೀಳುವ ಬೆಳಕು ಜೋಳದ ರೊಟ್ಟಿಯ ಹಾಗೆ ದುಂಡಗಿರುತ್ತದೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮಾತ್ರ ಆಯತಾಕಾರ. ರೊಟ್ಟಿ ದೊಡ್ಡದಿದ್ದರೆ ಆಯತ ಅದರೊಳಗೆ ಪೂರ್ತಿ ಕೂರುತ್ತದೆ. ರೊಟ್ಟಿ ಸ್ವಲ್ಪ ಚಿಕ್ಕದಾದರೆ ಆಯತದ ನಾಲ್ಕು ಮೂಲೆಗಳು ಹೊರಗೆ ಚಾಚುತ್ತವೆ, ಅಲ್ಲಿ ಬೆಳಕೇ ಬೀಳುವುದಿಲ್ಲ. ಆ ಹುಡುಗನ ಹತ್ತಿರ ಇದ್ದದ್ದು ಹಳೆಯ ಕ್ಯಾಮೆರಾ, 18-55 ಲೆನ್ಸ್. ಧೂಳಿಗೆ ಗಾಜು ಕೆಡದಿರಲಿ ಎಂದು ಒಂದು ಯುವಿ ಫಿಲ್ಟರ್, ಅದರ ಮೇಲೆ ನೀರಿನ ಹೊಳಪು ತಗ್ಗಿಸಲು ಪೋಲರೈಸರ್. ಎರಡು ಬಳೆ ಒಂದರ ಮೇಲೊಂದು ಕೂತು ಅಂಚು ಮುಂದಕ್ಕೆ ಬಂದಿತ್ತು. ಲೆನ್ಸನ್ನು 18ಕ್ಕೆ ತಂದಾಗ ನೋಟ ಅಗಲವಾಗಿ ಆ ಅಂಚೇ ಮೂಲೆಗೆ ಅಡ್ಡ ಬರುತ್ತದೆ. ಅಲ್ಲೇ ನಿಂತು 22ಕ್ಕೋ 24ಕ್ಕೋ ತಿರುಗಿಸಿದಾಗ ಕಪ್ಪು ಮಾಯವಾದರೆ ಅದು ಫಿಲ್ಟರಿನ ಅಥವಾ ಹುಡ್ಡಿನ ಕೆಲಸ ಎಂದು ಅಂದಾಜು ಮಾಡಬಹುದು.

ಇನ್ನೊಂದು ಬಗೆಯ ಕಪ್ಪೂ ಇದೆ. ಅದು ಲೆನ್ಸಿನದೇ ಸ್ವಭಾವ. ನಡುವೆ ಬೆಳಕು ಹೆಚ್ಚು, ಅಂಚಿಗೆ ಹೋದಂತೆ ನಿಧಾನಕ್ಕೆ ಕಡಿಮೆ. ಇದನ್ನು ಕತ್ತರಿಸುವ ಅಗತ್ಯವೇ ಇಲ್ಲ, ಮೊಬೈಲಿನ ಎಡಿಟಿಂಗ್ ಆ್ಯಪಿನಲ್ಲೇ ಅಂಚನ್ನು ಬೆಳಗಿಸಿದರೆ ಮುಗಿಯಿತು. ಎರಡರ ವ್ಯತ್ಯಾಸ ತಿಳಿಯಲು ನಾವು ಮಾಡುವುದು ಇಷ್ಟೆ: ಫೋಟೋದ ಒಂದು ಪ್ರತಿ ಮಾಡಿಕೊಂಡು ಅದರ ಬೆಳಕನ್ನು ಪೂರ್ತಿ ಏರಿಸುತ್ತೇವೆ. ಮೂಲೆಯಲ್ಲಿ ಮೋಡವೋ ಕಲ್ಲೋ ಎದ್ದು ಬಂದರೆ ಅಲ್ಲಿ ಚಿತ್ರ ಇದೆ, ಉಳಿಸಿಕೊಳ್ಳಬಹುದು. ಬರೀ ಬೂದು ಬಣ್ಣದ ಅಕ್ಕಿನುಚ್ಚಿನಂಥ ಚುಕ್ಕಿಗಳು ಬಂದರೆ ಅಲ್ಲಿ ಚಿತ್ರವೇ ಇಲ್ಲ. ಆ ಆಲಮಟ್ಟಿ ಫೋಟೋದ ಮೂಲೆಗಳಲ್ಲಿ ನುಚ್ಚೇ ಬಂತು. ಹಾಗಾಗಿ ಕತ್ತರಿ ಹಾಕಲೇಬೇಕಿತ್ತು. ಎಲ್ಲಿ ಹಾಕಬೇಕು ಎಂಬುದಷ್ಟೇ ಪ್ರಶ್ನೆ.

ಮೂಲ ಫೋಟೋದ ಅಳತೆ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ. ಫೋಟೋದ ವಿವರ ತೆರೆದರೆ ಈ ಅಂಕಿ ಯಾವ ಮೊಬೈಲಿನಲ್ಲೂ ಕಾಣುತ್ತದೆ. ನಾವು ಮೂರು ಪ್ರತಿ ಮಾಡಿಕೊಂಡು ಮೂರು ರೀತಿ ಕತ್ತರಿಸಿ ನೋಡಿದೆವು. ಪ್ರತಿ ಸಲ ಕಪ್ಪು ಮಾಯವಾಗುವ ತನಕ ಮಾತ್ರ ಅಂಚನ್ನು ಒಳಗೆ ಎಳೆದು ಉಳಿಸಿ, ಹೊಸ ಅಳತೆ ಬರೆದುಕೊಂಡೆವು. ಉಳಿದ ಅಗಲ, ಎತ್ತರ ಗುಣಿಸಿ ಮೊದಲಿನದಕ್ಕೆ ಹೋಲಿಸಿದರೆ ಎಷ್ಟು ಹೋಯಿತು ಎಂದು ಗೊತ್ತಾಗುತ್ತದೆ.

ಹುಡುಗ ಹೇಳಿದಂತೆ ಎಡ ಬಲ ಮಾತ್ರ ಕತ್ತರಿಸಿದರೆ 5250 ಅಗಲ, 4000 ಎತ್ತರ ಉಳಿಯಿತು. ಹೋದದ್ದು ನೂರಕ್ಕೆ ಹನ್ನೆರಡೂವರೆ. ನಾಲ್ಕೂ ಕಡೆ ಸಮನಾಗಿ, ಅಂದರೆ ಫೋಟೋದ ಆಕಾರ ಬದಲಾಗದಂತೆ ಕತ್ತರಿಸಿದರೆ 5490ಕ್ಕೆ 3660 ಉಳಿಯಿತು, ಹೋದದ್ದು ನೂರಕ್ಕೆ ಹದಿನಾರು. ಮೇಲೆ ಕೆಳಗೆ ಮಾತ್ರ ಕತ್ತರಿಸಿದರೆ 6000ಕ್ಕೆ 2750. ಹೋದದ್ದು ನೂರಕ್ಕೆ ಮೂವತ್ತೊಂದು!

ಒಂದೇ ಕಪ್ಪು ತೆಗೆಯಲು ಇಷ್ಟು ವ್ಯತ್ಯಾಸ ಯಾಕೆ? ಮತ್ತೆ ರೊಟ್ಟಿಗೇ ಬರೋಣ. ದುಂಡನೆಯ ರೊಟ್ಟಿಯೊಳಗೆ ಹಿಡಿಸುವ ಅತಿ ದೊಡ್ಡ ತುಂಡು ಚೌಕ. ಎಡ ಬಲ ಕತ್ತರಿಸಿದಾಗ ಅಡ್ಡ ಫೋಟೋ ಚೌಕದ ಹತ್ತಿರ ಬರುತ್ತದೆ, ನಷ್ಟ ಕಡಿಮೆ. ಮೇಲೆ ಕೆಳಗೆ ಕತ್ತರಿಸಿದರೆ ಫೋಟೋ ಪಟ್ಟಿಯಂತಾಗಿ ಚೌಕದಿಂದ ಇನ್ನೂ ದೂರ ಹೋಗುತ್ತದೆ, ನಷ್ಟ ಜಾಸ್ತಿ. ಅಡ್ಡ ಫೋಟೋ ಯಾವುದೇ ಇರಲಿ, ಕಪ್ಪು ನಾಲ್ಕೂ ಮೂಲೆಯಲ್ಲಿ ಸಮನಾಗಿದ್ದರೆ ಈ ಲೆಕ್ಕ ಹೀಗೇ ಬರುತ್ತದೆ.

ಲೆಕ್ಕದ ಪ್ರಕಾರ ಹುಡುಗನ ಮಾತೇ ಸರಿ. ಆದರೆ ಗೇಟುಗಳನ್ನು ಎಣಿಸಿ ನೋಡಿ. ಆ ಫೋಟೋದಲ್ಲಿ ಒಂದೊಂದು ಗೇಟು ಸುಮಾರು 220 ಪಿಕ್ಸೆಲ್ ಅಗಲ ಇತ್ತು. ಕೊನೆಯ ಗೇಟಿನ ಆಚೆ ಎರಡೂ ಕಡೆ ಉಳಿದ ಜಾಗ 140 ಪಿಕ್ಸೆಲ್ ಅಷ್ಟೆ. ಎಡ ಬಲ ಕತ್ತರಿಸುವುದೆಂದರೆ ಒಂದೊಂದು ಕಡೆ 375 ಪಿಕ್ಸೆಲ್ ಹೋಗುತ್ತದೆ. ಅಂದರೆ ಎಡಕ್ಕೊಂದು, ಬಲಕ್ಕೊಂದು ಗೇಟು ಪೂರ್ತಿ ಮಾಯ, ಪಕ್ಕದ್ದರ ಅಂಚೂ ಸ್ವಲ್ಪ ಸವೆಯುತ್ತದೆ. ಅವೆರಡು ಗೇಟುಗಳ ಮೇಲೆ ಕಪ್ಪು ಬಿದ್ದೇ ಇರಲಿಲ್ಲ. ಕಪ್ಪು ಇದ್ದದ್ದು ಮೂಲೆಯಲ್ಲಿ, ಗೇಟುಗಳಿದ್ದದ್ದು ಅಂಚಿನ ನಡುಮಧ್ಯೆ. ಮೂಲೆಯ ಕಪ್ಪಿಗಾಗಿ ಸ್ವಚ್ಛವಾಗಿದ್ದ ನಡುಭಾಗವನ್ನೂ ಉದ್ದಕ್ಕೆ ಸೀಳಿ ಬಿಸಾಕಿದಂತಾಯಿತು. ನಾಲ್ಕೂ ಕಡೆ ಸಮನಾಗಿ ಕತ್ತರಿಸಿದರೂ ಕೊನೆಯ ಗೇಟುಗಳು ಅರ್ಧರ್ಧ ಹೋಗುತ್ತವೆ.

ಎರಡು ಗೇಟು ಹೋದರೇನು ಎನ್ನಬೇಡಿ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋಯಿತು. ಆಮೇಲೆ ಡ್ಯಾಮಿನ ಫೋಟೋ ಬಂದರೆ ಜನ ಗೇಟು ಎಣಿಸುತ್ತಾರೆ. ಆಲಮಟ್ಟಿಯಲ್ಲಿ 26 ಗೇಟ್ ಇವೆ ಎಂದು ಹೊಳೆದಂಡೆಯ ಹಳ್ಳಿಗಳಲ್ಲಿ ಮಕ್ಕಳಿಗೂ ಗೊತ್ತು. "26 ಗೇಟುಗಳಿಂದ ನೀರು" ಎಂದು ಬರೆದು 24 ಗೇಟಿನ ಫೋಟೋ ಹಾಕಿದರೆ ಉಳಿದೆರಡು ಎಲ್ಲಿ ಎಂಬ ಮಾತು ಸಂಜೆಯೊಳಗೆ ಹತ್ತು ಗ್ರೂಪುಗಳಲ್ಲಿ ತಿರುಗುತ್ತದೆ. ಹೊಳೆ ದಂಡೆಯ ಹೊಲದಲ್ಲಿ ಪಂಪ್‌ಸೆಟ್ ಇಟ್ಟವರು ಆ ಮಾತು ಕೇಳಿ ರಾತ್ರಿ ನಿದ್ದೆ ಬಿಡುತ್ತಾರೆ.

ಹಾಗಾದರೆ ಮೂವತ್ತೊಂದು ಪಾಲು ಕಳೆದುಕೊಂಡು ಮೇಲೆ ಕೆಳಗೆ ಕತ್ತರಿಸುವುದೇ? ಹಾಗೆ ಮಾಡಿದರೆ ಗೇಟು ಉಳಿಯುತ್ತವೆ, ಆದರೆ ಕೆಳಗೆ ನೀರು ಬಿದ್ದು ನೊರೆ ಏಳುವ ಜಾಗಕ್ಕೂ ಕತ್ತರಿ ಬೀಳುತ್ತದೆ. ನೀರಿನ ಜೋರು ಕಾಣುವುದೇ ಅಲ್ಲಿ. ಆಗ ಕೆಳಗಿನ ಮೂಲೆಗಳನ್ನು ಇನ್ನೊಮ್ಮೆ ನೋಡಿದೆವು. ಅಲ್ಲಿದ್ದದ್ದು ತೊಯ್ದ ಕರಿಕಲ್ಲು, ನೆರಳು. ಕಪ್ಪಿನ ಮೇಲೆ ಕಪ್ಪು. ಗೊತ್ತಿದ್ದವರು ಹುಡುಕಿದರೆ ಮಾತ್ರ ಕಾಣುವಂಥದ್ದು. ಕಣ್ಣಿಗೆ ರಾಚುತ್ತಿದ್ದದ್ದು ಬಿಳಿ ಮೋಡದ ಮೇಲಿನ ಎರಡು ಮೂಲೆ ಅಷ್ಟೆ. ಮೇಲಿನಿಂದ ಮಾತ್ರ 625 ಪಿಕ್ಸೆಲ್ ಕತ್ತರಿಸಿದೆವು. ಉಳಿದದ್ದು 6000ಕ್ಕೆ 3375. ಹೋದದ್ದು ನೂರಕ್ಕೆ ಹದಿನೈದೂವರೆ ಚಿಲ್ಲರೆ, ಅದೂ ಬರೀ ಮೋಡ. ಗೇಟು ಇಪ್ಪತ್ತಾರೂ ಉಳಿದವು, ನೊರೆಯೂ ಉಳಿಯಿತು. ಇನ್ನೊಂದು ಲಾಭವೂ ಆಯಿತು: ಆ ಅಳತೆ ಸರಿಯಾಗಿ 16:9, ಟಿವಿಯ ಆಕಾರ. ಅಡ್ಡ ಹಿಡಿದ ಮೊಬೈಲಿನಲ್ಲೂ ಚೆನ್ನಾಗಿ ಕೂರುತ್ತದೆ. ಇದು ಲೆಕ್ಕ ಹಾಕಿ ಮಾಡಿದ್ದಲ್ಲ, ತಾನಾಗಿ ಬಂದದ್ದು.

ಕ್ರಾಪ್ ಮಾಡುವಾಗ ಆ್ಯಪಿನಲ್ಲಿ ಅನುಪಾತವನ್ನು `Free` ಎಂದು ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂದು ಅಂಚು ಎಳೆದರೆ ಇನ್ನೊಂದೂ ಒಳಗೆ ಬರುತ್ತದೆ. ಬಿಸಿಲಲ್ಲಿ ನಿಂತು ಈ ಕೆಲಸ ಮಾಡಬೇಡಿ. ಬಿಸಿಲಿಗೆ ಪರದೆ ಮಂಕಾಗಿ ಮೂಲೆ ಶುದ್ಧವಾದಂತೆ ಕಾಣುತ್ತದೆ, ಮನೆಗೆ ಬಂದು ನೋಡಿದರೆ ಕಪ್ಪಿನ ಒಂದು ಚೂರು ಹಾಗೇ ಇರುತ್ತದೆ.

ಎಲ್ಲ ಫೋಟೋಕ್ಕೂ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಇಂಡಿಯ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ರಾಶಿ ತೆಗೆದಿದ್ದರೆ ವಿಷಯ ನಡುವೆಯೇ ಇರುತ್ತದೆ, ಅಂಚಿನಲ್ಲಿ ಯಾರದೋ ಕಾಲು, ಖಾಲಿ ಚೀಲ. ಎಡ ಬಲ ಧಾರಾಳವಾಗಿ ಕತ್ತರಿಸಿ. ಬಸವನ ಬಾಗೇವಾಡಿಯ ಜಾತ್ರೆಯ ರಾತ್ರಿ ಫೋಟೋದಲ್ಲಿ ಆಕಾಶವೇ ಕಪ್ಪು, ಮೇಲಿನ ಮೂಲೆಗೆ ಕತ್ತರಿಯೇ ಬೇಕಿಲ್ಲ. ಆದರೆ ಸಿಂದಗಿ ಕಡೆ ಒಣಗಿದ ತೊಗರಿ ಹೊಲ ತೆಗೆದಾಗ ಅಂಚಿನಲ್ಲಿ ಬದುವಿನ ಕಲ್ಲೋ ಪಕ್ಕದ ಹಸಿರು ಹೊಲವೋ ಇದ್ದರೆ ನಾವು ಆ ಅಂಚನ್ನು ಮುಟ್ಟುವುದಿಲ್ಲ. ಅದು ಹೋದರೆ ಇದು ಯಾರ ಹೊಲ, ಒಣಗಿದ್ದು ಎಲ್ಲಿಯ ತನಕ ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಆಗ ಆಕಾಶವನ್ನು ಕೊಡುತ್ತೇವೆ. ಸಾಲಾಗಿ ನಿಂತ ಜನರ ಫೋಟೋಕ್ಕೂ ಅದೇ. ತಹಶೀಲ್ದಾರ್ ಕಚೇರಿ ಮುಂದೆ ಮನವಿ ಹಿಡಿದು ನಿಂತ ಸಾಲಿನ ತುದಿಯಲ್ಲಿರುವವರು ಮರುದಿನ ಪೇಪರಿನಲ್ಲಿ ತಮ್ಮನ್ನೇ ಹುಡುಕುತ್ತಾರೆ.

ಮೊಬೈಲಿಗೆ ಚಿಮಟಿಗೆಯಂತೆ ಸಿಕ್ಕಿಸುವ ಅಗಲದ ಲೆನ್ಸಿನ ಬಗ್ಗೆಯೂ ಹಲವರು ಕೇಳುತ್ತಾರೆ. ಅದರಲ್ಲಿ ಮೂಲೆಯ ಕಪ್ಪು ಇನ್ನೂ ಹೆಚ್ಚು ಬರಬಹುದು, ಲೆನ್ಸು ಕೂದಲೆಳೆಯಷ್ಟು ಸರಿದರೂ ಒಂದೇ ಕಡೆ ದಪ್ಪಗೆ ಬರುತ್ತದೆ. ಕೊಂಡ ದಿನವೇ ಒಂದು ಲೆಕ್ಕ ಹಾಕಿ. ಲೆನ್ಸು ನೋಟವನ್ನು ಒಂದೂವರೆ ಪಟ್ಟು ಅಗಲ ಮಾಡುತ್ತದೆ ಎನ್ನೋಣ. ಅದನ್ನು ಹಾಕಿ ಬಿಳಿ ಗೋಡೆಯ ಫೋಟೋ ತೆಗೆದು, ಕಪ್ಪು ಹೋಗುವ ತನಕ ಆಕಾರ ಬದಲಿಸದೆ ಕತ್ತರಿಸಿದಾಗ 4000 ಪಿಕ್ಸೆಲ್ ಅಗಲದಲ್ಲಿ 2880 ಉಳಿಯಿತು ಎನ್ನೋಣ. ಅಂದರೆ ನೂರಕ್ಕೆ 72. ಒಂದೂವರೆಯ 72 ಪಾಲು ಎಂದರೆ 1.08. ಲೆನ್ಸು ಹಾಕದೆ ತೆಗೆದಿದ್ದಕ್ಕಿಂತ ನೂರಕ್ಕೆ ಎಂಟರಷ್ಟು ಮಾತ್ರ ಅಗಲ ಸಿಕ್ಕಿತು. ಅದಕ್ಕಾಗಿ ಅರ್ಧದಷ್ಟು ಪಿಕ್ಸೆಲ್ ಹೋಯಿತು, ಅಂಚು ಮಸುಕಾಯಿತು. ಅಷ್ಟು ಅಗಲ ಬೇಕಿದ್ದರೆ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಾಕಾಗುತ್ತಿತ್ತು.

ಹಿಂದೆ ಸರಿಯಲು ಜಾಗವಿಲ್ಲದ ಕಡೆಯೂ ಉಂಟು, ಆಲಮಟ್ಟಿಯಲ್ಲಿ ಆ ಹುಡುಗ ನಿಂತದ್ದು ಅಂಥಲ್ಲೇ. ಮುಂದಿನ ಸಲ ಪೋಲರೈಸರ್ ಹಾಕುವುದಿದ್ದರೆ ಒಳಗಿನ ಯುವಿ ಫಿಲ್ಟರ್ ಬಿಚ್ಚಿ ಕಿಸೆಯಲ್ಲಿಟ್ಟುಕೋ ಎಂದು ಹೇಳಿದ್ದೇವೆ. "ತುಂತುರು ಗಾಜಿಗಿ ಬಡೀತೈತಲ್ರಿ ಅಣ್ಣಾರ" ಎಂದ. ಒರೆಸಲು ಒಂದು ಹತ್ತಿ ಬಟ್ಟೆ ಒಯ್ಯಲು ಹೇಳಿದೆವು.