ತೀರ್ಪುಗಾರನ ಟಿಪ್ಪಣಿ

ಹಿಂದೊಮ್ಮೆ ಅಂತರಶಾಲಾ ಕವನಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರನಾಗಿದ್ದೆ. ತಾಯಿಯನ್ನು ಕಳೆದುಕೊಂಡಿದ್ದ ಬಾಲೆಯೊಬ್ಬಳು ಭಾಮಿನಿ ಷಟ್ಪದಿಯಲ್ಲಿ ಬರೆದಿದ್ದಳು:

ಮನೆಯ ಬಾಗಿಲ ಮೇಲೆ ಬಿಸಿಲಿದೆ
ಕನಸಿನವ್ವನ ಸೀರೆಯ ಅಂಚಿನಲಿ

ಓದಿದೊಡನೆ 'ಛಂದಸ್ಸು ಕೆಟ್ಟಿದೆ' ಎಂದು ಗೀಚಿ, ಮರುಕ್ಷಣವೇ ಹೊಡೆದುಹಾಕಿದೆ. ಅಂಥದೇ ಎರಡು ಪದಗಳಿಂದ ನನ್ನ ವಿದ್ಯಾರ್ಥಿಯೊಬ್ಬ ಹಿಂದೆ ಬರೆಯುವುದನ್ನೇ ಬಿಟ್ಟಿದ್ದ. ಸುಮ್ಮನೆ ಹೊಗಳಿದರೂ ಆಕೆಗೆ ಅನ್ಯಾಯವೇ. ಆದ್ದರಿಂದ ಹೀಗೆ ಬರೆದೆ:

"ಮಗೂ, ಅಗಲಿಕೆಯ ಹೆಸರೆತ್ತದೆ ಬರಿಯ ಸೀರೆಯಂಚನ್ನು ತೋರಿಸಿದ್ದೀಯೆ, ಅದು ನನ್ನನ್ನು ತಟ್ಟಿತು. ಎರಡನೆಯ ಅಕ್ಷರದ 'ನ'ಕಾರ ಪ್ರಾಸವೂ ಸಹಜವಾಗಿದೆ. ಈ ಸಾಲುಗಳು ಮೂರು, ನಾಲ್ಕು, ಮೂರು, ನಾಲ್ಕರ ಗಣಗಳಲ್ಲಿ 14 ಮಾತ್ರೆಗಳಾಗಿ ನಡೆಯಬೇಕು. ಮೊದಲನೆಯದು ಹಾಗೆಯೇ ಇದೆ. ಎರಡನೆಯದರಲ್ಲಿ 'ಕನಸಿನವ್ವನ' ಏಳು ಮಾತ್ರೆ; ಉಳಿದ 'ಸೀರೆಯ ಅಂಚಿನಲಿ' ಒಂಬತ್ತು. ಎರಡು ಹೆಚ್ಚಾಯಿತು. ರಾಗದಲ್ಲಿ ಹಾಡಿದರೆ ಇದು ಮರೆಯಾಗುತ್ತದೆ. ಕೈತಟ್ಟುತ್ತಾ ಓದು, ಎಡವುವ ಜಾಗ ತಿಳಿಯುತ್ತದೆ. 'ಯ', 'ಅ' ಸಂಧಿಯಾಗದೆ ನಿಂತಿರುವುದನ್ನೂ ನೋಡು."

ತಿದ್ದಿದ ಸಾಲನ್ನು ಬೇಕೆಂದೇ ಕೊಡಲಿಲ್ಲ. ನನ್ನ ಮನಸ್ಸಿನಲ್ಲಿ 'ಸೀರೆಯಂಚಲಿ' ಎಂದಿತ್ತು. ಬಹುಮಾನ ಆಕೆಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಅಂಚೆ ಕಾರ್ಡೊಂದು ಬಂತು. ಅದರಲ್ಲಿದ್ದುದು ಒಂದೇ ಸಾಲು:

ಕನಸಿನವ್ವನ ಸೆರಗಿನಂಚಲಿ

ಎಣಿಸಿದೆ, ಹದಿನಾಲ್ಕೇ. ಸೀರೆ ಯಾರದಾದರೂ ಆದೀತು, ಮಗು ಹಿಡಿದು ನಡೆಯುವುದು ಸೆರಗನ್ನು. ನಾನು ತಿದ್ದಿಕೊಟ್ಟಿದ್ದರೆ ಆ ಪದ ಹುಟ್ಟುತ್ತಿರಲಿಲ್ಲ.