ನೀರುಗಂಟಿಯ 18 ಸೆಕೆಂಡು

ಗ್ರಾಮಸಭೆಯನ್ನು ನಾವು ಯೂಟ್ಯೂಬ್‌ನಲ್ಲಿ ಎರಡೂವರೆ ಗಂಟೆ ಲೈವ್ ಬಿಟ್ಟಿದ್ದೆವು. ಅಷ್ಟನ್ನೂ ಕೂತು ನೋಡುವವರು ಯಾರು? ರಾತ್ರಿಯೇ ತುಣುಕು ಮಾಡಿದೆವು. ಓಡಿದ್ದು ಒಂದೇ: "ಆ ಬೋರಿನ ನೀರು ನಾನು ಬಿಡೋದಿಲ್ಲ, ಯಾರಿಗೆ ಹೇಳ್ಕೊತೀರೋ ಹೇಳ್ಕೊಳ್ಳಿ" ಎಂದು ನೀರುಗಂಟಿ ಗದರುವ 18 ಸೆಕೆಂಡು. ಬೆಳಿಗ್ಗೆ ಡೇರಿ ಮುಂದೆ ಜನ ಅವರನ್ನು ಅಡ್ಡಗಟ್ಟಿ ಬೈದರು.

ಆ ಜಾಗ ನಮಗೆ ಸಿಕ್ಕಿದ್ದು ಲೈವ್ ಚಾಟಿನಿಂದ. 1 ಗಂಟೆ 12ನೇ ನಿಮಿಷದಲ್ಲಿ ಕಾಮೆಂಟು ಒಮ್ಮೆಲೇ ಹೆಚ್ಚಾಗಿದ್ದವು. ಲೈವ್ ನೋಡುವವರ ಫೋನಿಗೆ ತಡವಾಗಿ ತಲುಪುತ್ತದೆ, ಟೈಪ್ ಮಾಡಲು ಇನ್ನೊಂದಿಷ್ಟು ಹೊತ್ತು. ಹಾಗಾಗಿ ಅರ್ಧ ನಿಮಿಷ ಹಿಂದೆ ಹೋಗಿ ಹುಡುಕಿದೆವು. ಜಗಳ ಸಿಕ್ಕಿತು, ಅಲ್ಲಿಗೇ ನಿಲ್ಲಿಸಿದೆವು. ತಪ್ಪಿದ್ದು ಅಲ್ಲೇ.

ಇನ್ನೂ ಮೂರು ನಿಮಿಷ ಹಿಂದೆ ಅದೇ ನೀರುಗಂಟಿ, ಆ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆ, ಕುಡಿಯೋಕೆ ಬಿಡಬೇಡಿ ಅಂತ ಪರೀಕ್ಷೆ ವರದಿ ಬಂದಿದೆ ಎಂದು ಮೆಲ್ಲಗೆ ಹೇಳಿದ್ದರು. ಎಡಿಟಿಂಗ್ ಆ್ಯಪ್‌ನಲ್ಲಿ ದನಿಯ ಗೆರೆ ಕೂಗಿದಲ್ಲಿ ಎತ್ತರಕ್ಕೇರುತ್ತದೆ, ಮೆಲ್ಲಗೆ ಮಾತಾಡಿದಲ್ಲಿ ಚಪ್ಪಟೆಯಾಗಿರುತ್ತದೆ. ನಾವು ಎತ್ತರದ ಗೆರೆಗಳನ್ನಷ್ಟೇ ನೋಡಿದ್ದೆವು.

ಆ ವಿಡಿಯೊ ಅಳಿಸಿದೆವು. ಯೂಟ್ಯೂಬ್‌ನಲ್ಲಿ ಅದೇ ಲಿಂಕಿಗೆ ಬೇರೆ ವಿಡಿಯೊ ಕೂರಿಸಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ವಾಟ್ಸಾಪ್‌ನಲ್ಲಿ ಹೋಗಿದ್ದಂತೂ ಹೋಯಿತು.

ಹೊಸದರ ಮೊದಲಿಗೆ ನಮ್ಮದೇ ದನಿಯಲ್ಲಿ ಎಂಟು ಸೆಕೆಂಡು ಸೇರಿಸಿದೆವು: "ಹಳೇ ಬೋರಿನ ನೀರಲ್ಲಿ ಫ್ಲೋರೈಡ್ ಹೆಚ್ಚಿದೆ ಅಂತ ವರದಿ. ಟ್ಯಾಂಕರ್ ಬರ್ತಿಲ್ಲ, ಅದೇ ನೀರು ಬಿಡಿ ಅಂದರು ಮೇಲಿನಕೇರಿಯವರು. ನೀರುಗಂಟಿ ಕೊಟ್ಟ ಉತ್ತರ ಇದು." ಮೊದಲು ಬರೆದಾಗ "ಜನರ ಆರೋಗ್ಯ ಕಾಯಲು ಹಟ ಹಿಡಿದ ನೀರುಗಂಟಿ" ಎಂದಿತ್ತು, ಹೊಡೆದುಹಾಕಿದೆವು. ಹಾಗೆ ಹೇಳಿದರೆ ಮೇಲಿನಕೇರಿಯವರು ತಪ್ಪಿತಸ್ಥರಾಗುತ್ತಾರೆ. ಟ್ಯಾಂಕರ್ ಬಾರದಿದ್ದುದೂ ನಿಜವೇ. ದನಿ ಹಾಕದೆ ನೋಡುವವರಿಗಾಗಿ ಅದೇ ಮಾತನ್ನು ದಪ್ಪ ಅಕ್ಷರದಲ್ಲೂ ಕೊಟ್ಟೆವು. ಆಮೇಲೆ ವರದಿ ಹೇಳುವ 12 ಸೆಕೆಂಡು, ಕೇರಿಯ ಅಕ್ಕ ಒಬ್ಬರು ಪ್ರಶ್ನೆ ಕೇಳುವ 15 ಸೆಕೆಂಡು, ಕೊನೆಗೆ ಆ 18. ನಡುವೆ ಬಿಟ್ಟಲ್ಲೆಲ್ಲ ಕ್ಷಣಕಾಲ ಕಪ್ಪು ತೆರೆ, ಕತ್ತರಿಸಿದ್ದೇವೆ ಎಂದು ಗೊತ್ತಾಗಲಿ ಅಂತ.

ಈಗ ಲೈವ್ ನಡೆಯುವಾಗಲೇ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತೇವೆ. ಪುಟದ ಮೇಲೆ ಲೈವ್ ಶುರುವಾದ ಗಡಿಯಾರದ ಹೊತ್ತು. ಯಾರು ಏನು ಕೇಳಿದರು ಎಂಬುದರ ಮುಂದೆ ಆಗಿನ ಹೊತ್ತು. ಕಳೆದರೆ ವಿಡಿಯೊದಲ್ಲಿ ಜಾಗ ಸಿಗುತ್ತದೆ. ಹಾಕುವ ಮೊದಲು ಸಭೆಗೆ ಬಾರದ ಒಬ್ಬರಿಗೆ ತೋರಿಸಿ, ಯಾಕೆ ಜಗಳ ಅಂತ ಕೇಳುತ್ತೇವೆ. ಉತ್ತರ ಬರದಿದ್ದರೆ ಆರಂಭ ಮತ್ತೆ ಬರೆಯುತ್ತೇವೆ.

ಹೊಸ ತುಣುಕನ್ನು ಹಳೆಯದರಷ್ಟು ಜನ ನೋಡಲಿಲ್ಲ. ನೀರುಗಂಟಿ ಮಾತ್ರ ನಮ್ಮ ಫೋನಿನಲ್ಲೇ ಎರಡು ಸಲ ನೋಡಿ, "ಮೊದಲೇ ಹಿಂಗೆ ಹಾಕ್ಬೋದಿತ್ತಲ್ಲಪ್ಪಾ" ಅಂದರು.