ಮೂರೂವರೆ ಎಂದು ಓದಿಸಿ ಕೇಳಿದ್ದರೆ ಸಾಕಿತ್ತು

ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಮ್ಮ ಮೂವರಿಗೆ ಊರವರು ಒಪ್ಪಿಸಿದ ಮೊದಲ ಕೆಲಸ ಸುದ್ದಿ ಬರೆಯುವುದಲ್ಲ, ಹತ್ತನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಬಿಡಿಸಿಕೊಡುವುದು. ನಮ್ಮಲ್ಲಿ ಇಬ್ಬರು ಪಿಯುಸಿಯಲ್ಲಿ ಸೈನ್ಸ್ ಓದಿದ್ದೇ ಅದಕ್ಕೆ ಕಾರಣ. ಸಂಜೆ ಏಳರ ಮೇಲೆ ಮೊಬೈಲಿಗೆ ಒಂದೊಂದೇ ಫೋಟೊ ಬರುತ್ತದೆ. ನಾವು ಹಾಳೆಯಲ್ಲಿ ಬಿಡಿಸಿ, ಅದರ ಫೋಟೊ ತೆಗೆದು ವಾಪಸ್ ಕಳಿಸುತ್ತೇವೆ.

ಹೀಗೆ ಒಂದು ದಿನ ಪಕ್ಕದ ಬೀದಿಯ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಪುಟ ಕಳಿಸಿದಳು. ಅರ್ಧಗೋಳದ ಮೇಲೆ ಶಂಕು ಕೂರಿಸಿದ ಆಟಿಕೆ, ಹೆಚ್ಚೂಕಡಿಮೆ ನಮ್ಮ ಬುಗುರಿಯನ್ನು ತಲೆಕೆಳಗೆ ಇಟ್ಟ ಹಾಗೆ. ಎರಡಕ್ಕೂ ತ್ರಿಜ್ಯ ಒಂದೇ. ತ್ರಿಜ್ಯವನ್ನೂ ಒಟ್ಟು ಎತ್ತರವನ್ನೂ ಕೊಟ್ಟು ಪೂರ್ಣ ಮೇಲ್ಮೈ ವಿಸ್ತೀರ್ಣ ಕೇಳಿದ್ದರು. ಫೋಟೊದಲ್ಲಿ ನಮಗೆ ಕಂಡದ್ದು ತ್ರಿಜ್ಯ 31/2 ಸೆಂ.ಮೀ., ಒಟ್ಟು ಎತ್ತರ 151/2 ಸೆಂ.ಮೀ. ಅಂದರೆ 15.5 ಮತ್ತು 75.5.

ಲೆಕ್ಕ ಶುರು ಮಾಡಿದೆವು. ಅರ್ಧಗೋಳದ ಎತ್ತರ ಅದರ ತ್ರಿಜ್ಯದಷ್ಟೇ ಇರುತ್ತದೆ. ಅದನ್ನು ಒಟ್ಟು ಎತ್ತರದಿಂದ ಕಳೆದರೆ ಶಂಕುವಿನ ಎತ್ತರ 60. ದುಂಡನೆಯ ಸಂಖ್ಯೆ ಬಂತಲ್ಲ, ದಾರಿ ಸರಿ ಇದೆ ಅಂದುಕೊಂಡೆವು. ಮುಂದೆ ಓರೆ ಎತ್ತರ ಬೇಕು.

```
l² = r² + h²
l² = 240.25 + 3600 = 3840.25
l ≈ 61.97
```

ಪೂರ್ಣ ಮೇಲ್ಮೈ ವಿಸ್ತೀರ್ಣ πrl + 2πr². ಉತ್ತರ ಸುಮಾರು 4529 ಚದರ ಸೆಂ.ಮೀ. ಕಳಿಸಿಬಿಟ್ಟೆವು.

ಸ್ವಲ್ಪ ಹೊತ್ತಿಗೆ ಅವಳ ಮೆಸೇಜು ಬಂತು: "ನಂಗೆ 214.5 ಬಂದಿತ್ತು ಅಕ್ಕಾ, ತಪ್ಪಿರ್ಬೇಕು, ಹೊಡೆದುಹಾಕ್ದೆ."

ಅವಳು ಹೊಡೆದುಹಾಕಿದ್ದು ಸರಿಯಾದ ಉತ್ತರವನ್ನು. ಅದು ಗೊತ್ತಾಗಿದ್ದು ಮರುದಿನ, ನೋಟ್‌ಬುಕ್ಕನ್ನೇ ಕೈಯಲ್ಲಿ ಹಿಡಿದು ನೋಡಿದಾಗ. ಅವಳು ಬರೆದದ್ದು ತ್ರಿಜ್ಯ ಮೂರೂವರೆ, ಎತ್ತರ ಹದಿನೈದೂವರೆ. ಮಿಶ್ರ ಭಿನ್ನರಾಶಿಯಲ್ಲಿ 3½ ಮತ್ತು 15½ ಎಂದು ಬರೆದಿದ್ದಳು. ಅದು ಗೆರೆ ಹಾಕಿದ ನೋಟ್‌ಬುಕ್ಕು. ಒಂದನ್ನು ಗೆರೆಯ ಮೇಲೆ, ಎರಡನ್ನು ಗೆರೆಯ ಕೆಳಗೆ ಬರೆದು, ನಡುವಿನ ಅಡ್ಡಗೆರೆಯನ್ನು ಪುಸ್ತಕದ ಗೆರೆಯ ಮೇಲೆಯೇ ತೀಡಿದ್ದಳು. ಪಕ್ಕದ ಮೂರೂ ಅದೇ ಗೆರೆಯ ಮೇಲೆ ಕೂತಿತ್ತು. ಪುಸ್ತಕದಲ್ಲಿ ಪೆನ್ನಿನ ಗೆರೆ ದಪ್ಪ, ಅಚ್ಚಿನ ಗೆರೆ ತೆಳು, ಹಾಗಾಗಿ ವ್ಯತ್ಯಾಸ ಕಾಣುತ್ತದೆ. ಇಡೀ ಪುಟವನ್ನು ಬಲ್ಬಿನ ಬೆಳಕಲ್ಲಿ ದೂರದಿಂದ ಹಿಡಿದ ಫೋಟೊದಲ್ಲಿ ಎರಡೂ ಒಂದೇ ಗೆರೆಯಾಗಿದ್ದವು. ಆ ಗೆರೆ ಮೂರರ ಅಡಿಯಲ್ಲೂ ಹಾದುಹೋಗುತ್ತಿತ್ತು. ಹಾಗಾಗಿ ನಮಗೆ ಅದು ಎರಡರಿಂದ ಭಾಗಿಸಿದ ಮೂವತ್ತೊಂದಾಗಿ ಕಂಡಿತು.

ಸರಿಯಾಗಿ ಓದಿದರೆ ಲೆಕ್ಕ ಎಷ್ಟು ಸಲೀಸು ನೋಡಿ. ಶಂಕುವಿನ ಎತ್ತರ 15.5 − 3.5 = 12.

```
l² = 12.25 + 144 = 156.25
l = 12.5
πr(l + 2r) = 22/7 × 7/2 × (12.5 + 7)
           = 11 × 19.5 = 214.5
```

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಹೊಳೆದದ್ದು, ಎರಡನ್ನೂ ಒಂದೇ ರೀತಿ ತಪ್ಪಾಗಿ ಓದಿದ್ದೇ ನಮ್ಮನ್ನು ಮುಳುಗಿಸಿತು ಎಂಬುದು. ತ್ರಿಜ್ಯವನ್ನು ಮಾತ್ರ ತಪ್ಪಾಗಿ ಓದಿದ್ದರೆ ತ್ರಿಜ್ಯವೂ 15.5, ಒಟ್ಟು ಎತ್ತರವೂ 15.5 ಆಗಿ ಶಂಕುವಿನ ಎತ್ತರ ಸೊನ್ನೆ ಬರುತ್ತಿತ್ತು. ಶಂಕುವೇ ಇಲ್ಲದ ಶಂಕು! ಅಲ್ಲೇ ಸಿಕ್ಕಿಬೀಳುತ್ತಿದ್ದೆವು. ಎರಡೂ ತಪ್ಪಾದಾಗ 60 ಬಂತು, ನಾವು ನಂಬಿದೆವು.

ಹಾಗೆಂದು ಸುಳಿವೇ ಇರಲಿಲ್ಲ ಎಂದಲ್ಲ, ಮೂರು ಸುಳಿವಿದ್ದವು. π ಬೆಲೆ 22/7 ಇಟ್ಟುಕೊಳ್ಳುವ ಪಠ್ಯಪುಸ್ತಕದ ಲೆಕ್ಕಗಳಲ್ಲಿ ತ್ರಿಜ್ಯವನ್ನು ಸಾಮಾನ್ಯವಾಗಿ ಏಳು ಹೊಡೆದುಹೋಗುವ ಹಾಗೆ ಆರಿಸಿರುತ್ತಾರೆ. ಮೂರೂವರೆ ಎಂದರೆ 7/2, ಏಳು ತಾನಾಗೇ ಹೋಗುತ್ತದೆ. 31/2ರಲ್ಲಿ ಹೋಗುವುದಿಲ್ಲ. ಎರಡನೆಯದು, 3840.25ಕ್ಕೆ ಸರಿಯಾದ ವರ್ಗಮೂಲ ಸಿಗಲಿಲ್ಲ, 156.25ಕ್ಕೆ ಸಿಕ್ಕಿತು. ಕೈಯಲ್ಲಿ ಮಾಡಬೇಕಾದ ಲೆಕ್ಕದಲ್ಲಿ ಇಂಥದ್ದು ಬಂದರೆ ಮೊದಲು ಪ್ರಶ್ನೆಯನ್ನೇ ಮತ್ತೆ ನೋಡಬೇಕು. ಮೂರನೆಯದಕ್ಕೆ ಗಣಿತವೂ ಬೇಡ. 75.5 ಸೆಂ.ಮೀ. ಎಂದರೆ ಸುಮಾರು ಎರಡೂವರೆ ಅಡಿ. ಎರಡೂವರೆ ಅಡಿ ಎತ್ತರ, ಒಂದಡಿ ಅಗಲದ ಬುಗುರಿಯನ್ನು ಯಾವ ಮಗು ಆಡಿಸುತ್ತದೆ?

ಆದರೆ ಎಲ್ಲ ತಪ್ಪೂ ಹೀಗೆ ಸುಳಿವು ಬಿಟ್ಟುಹೋಗುವುದಿಲ್ಲ. ಅದಾದ ಕೆಲವೇ ದಿನಗಳಲ್ಲಿ ಇನ್ನೊಬ್ಬ ಹುಡುಗ ಸಮಾಂತರ ಶ್ರೇಢಿಯ ಲೆಕ್ಕ ಕಳಿಸಿದ: a₂₁ − a₇ = 84 ಆದರೆ ಸಾಮಾನ್ಯ ವ್ಯತ್ಯಾಸ ಎಷ್ಟು? ಇಲ್ಲಿ a ಪಕ್ಕ, ಕೆಳಗೆ ಬರೆದ ಪುಟ್ಟ ಅಂಕಿ ಎಷ್ಟನೇ ಪದ ಎಂದು ಹೇಳುತ್ತದೆ. ಇಪ್ಪತ್ತೊಂದನೇ ಪದಕ್ಕೂ ಏಳನೇ ಪದಕ್ಕೂ ನಡುವೆ 14 ಹೆಜ್ಜೆ, ಆದ್ದರಿಂದ 14d = 84, d = 6. ಆದರೆ ಅವನು ಒಂದನ್ನು ತಲೆಯ ಮೇಲೊಂದು ಕೊಕ್ಕೆ ಇಟ್ಟು ಬರೆಯುತ್ತಾನೆ. ನಮ್ಮಲ್ಲೊಬ್ಬರು ಅದನ್ನು a₂₇ ಎಂದು ಓದಿದರು. ಆಗ ಹೆಜ್ಜೆ 20, d = 4.2. ಈ ಉತ್ತರದಲ್ಲಿ ಏನೂ ಅಸಂಬದ್ಧವಿಲ್ಲ. ಸಾಮಾನ್ಯ ವ್ಯತ್ಯಾಸ ದಶಮಾಂಶದಲ್ಲಿ ಇರಬಾರದೆಂದೇನೂ ಇಲ್ಲ. ಉತ್ತರವನ್ನು ಎಷ್ಟೇ ತಿರುಗಿಸಿ ನೋಡಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ಲೆಕ್ಕ ಸರಿಯಿದೆ, ತಪ್ಪಿದ್ದು ಓದು. ಈ ಸಲ ಕಳಿಸುವ ಮೊದಲು ಅವನಿಗೆ ಫೋನ್ ಮಾಡಿದ್ದರಿಂದ ಉಳಿದುಕೊಂಡೆವು.

ಆಮೇಲೆ ನಮ್ಮ ಕೆಲಸದ ಕ್ರಮ ಬದಲಾಯಿತು. ಇಡೀ ಪುಟ ಬೇಡ, ಆ ಒಂದು ಲೆಕ್ಕಕ್ಕೆ ಮೊಬೈಲ್ ಹತ್ತಿರ ಹಿಡಿದು, ಹಗಲ ಬೆಳಕಲ್ಲಿ ತೆಗೆಯಿರಿ ಎಂದು ಮಕ್ಕಳಿಗೆ ಹೇಳಿದೆವು. ಫೋಟೊವನ್ನು ಫೋಟೊ ಎಂದು ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ. ಆಗ ಮೊದಲು ಮಸುಕಾಗುವುದು ತೆಳು ಗೆರೆ ಮತ್ತು ಪುಟ್ಟ ಅಂಕಿಗಳೇ. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದದ್ದು ತೆಗೆದ ಹಾಗೇ ಬರುತ್ತದೆ.

ಇದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆಡಿಯೊ. ಫೋಟೊ ಜೊತೆ ಪ್ರಶ್ನೆಯನ್ನು ಒಮ್ಮೆ ಓದಿ ಕಳಿಸಿ ಎನ್ನುತ್ತೇವೆ. ಬರೆದಾಗ 3½ ಎಂಬುದನ್ನು ಮೂರೂವರೆ ಎಂದೂ ಓದಬಹುದು, ಮೂವತ್ತೊಂದು ಭಾಗಿಸು ಎರಡು ಎಂದೂ ಓದಬಹುದು. ಬೀಜಗಣಿತದ ಅಭ್ಯಾಸದಲ್ಲಿ ಮೂರು ಗುಣಿಸು ಅರ್ಧ ಎಂದು ಓದಿ ಒಂದೂವರೆ ಮಾಡಿಕೊಂಡವರೂ ಇದ್ದಾರೆ. ಬಾಯಲ್ಲಿ ಹೇಳುವಾಗ ಈ ಗೊಂದಲವಿಲ್ಲ. ಮೂರೂವರೆ ಎಂದರೆ ಮೂರೂವರೆಯೇ. ಇಪ್ಪತ್ತೊಂದನೇ ಪದ ಎಂದರೆ ಅದು ಇಪ್ಪತ್ತೇಳಾಗುವುದಿಲ್ಲ. x ವರ್ಗ ಎಂದು ಕೇಳಿದ ಮೇಲೆ ಯಾರೂ ಅದನ್ನು 2x ಎಂದು ಬರೆದುಕೊಳ್ಳುವುದಿಲ್ಲ.

ಹೇಳಿಕೆ ತೆಗೆದುಕೊಂಡರೆ ವಾಪಸ್ ಓದಿ ಖಚಿತಪಡಿಸಿಕೊಳ್ಳಬೇಕೆಂದು ನಮಗೆ ತರಗತಿಯಲ್ಲಿ ಕಲಿಸಿದ್ದರು. ಹಳ್ಳಿಯ ಪುಟ್ಟ ಸುದ್ದಿಗೂ ಅದನ್ನು ಪಾಲಿಸಿದ ನಾವು ಒಂದು ಲೆಕ್ಕಕ್ಕೆ ಪಾಲಿಸಿರಲಿಲ್ಲ.

ಆ ಹುಡುಗಿಯ ಮನೆಗೆ ಹೋಗಿ ತಪ್ಪು ನಮ್ಮದೇ ಎಂದು ಹೇಳಿದೆವು. ಅವಳು ನಕ್ಕು, ಹೊಡೆದುಹಾಕಿದ 214.5ರ ಪಕ್ಕ ಮತ್ತೆ 214.5 ಎಂದು ಬರೆದಳು. ಈಗ ನಮ್ಮ ಉತ್ತರ ತನ್ನದಕ್ಕಿಂತ ಬೇರೆ ಬಂದರೆ ಅವಳು ಹೊಡೆದುಹಾಕುವುದಿಲ್ಲ. "ಅಕ್ಕಾ, ಪ್ರಶ್ನೆ ಏನಂತ ಓದ್ಕೊಂಡ್ರಿ, ಹೇಳಿ" ಎಂದು ಮೊದಲು ಕೇಳುತ್ತಾಳೆ.